ಎಪ್ಪತ್ತೆಂಟು ವರ್ಷ

ವಿಭಾಗದ ಸೆಮಿನಾರಿನಲ್ಲಿ ನನ್ನ ಶಾಸನಗಳ ಪಟ್ಟಿ ತೆರೆಯ ಮೇಲಿತ್ತು. ಬಾದಾಮಿ ಬಂಡೆ ಶಾಸನದ ಎದುರು ‘ಕ್ರಿ.ಶ. 465’. ಹಿರಿಯ ಮೇಷ್ಟ್ರು ಕೇಳಿದರು: “ಪುಲಕೇಶಿ ಅಷ್ಟು ಬೇಗ ಕೋಟೆ ಕಟ್ಟಿಬಿಟ್ಟನೇನಮ್ಮಾ?” ಎಲ್ಲರೂ ನಕ್ಕರು. ಅದು ಶಕವರ್ಷ, 78 ಕೂಡಿಸಿದರೆ 543. ಬಿ.ಎ. ಮಕ್ಕಳಿಗೆ ನಾನೇ ಹೇಳಿಕೊಡುವ ಲೆಕ್ಕ.

ಕಿವಿ ಬಿಸಿಯಾಯಿತು. ನೀರು ಕುಡಿದೆ. “ಶಕವರ್ಷವನ್ನೇ ಹಾಕಿಬಿಟ್ಟಿದ್ದೀನಿ ಸರ್, ಉಳಿದವನ್ನೂ ನೋಡಿ ಹೇಳ್ತೀನಿ” ಎಂದು ಮುಂದುವರಿಸಿದೆ. ದನಿ ಸರಿಹೋಗಲು ಎರಡು ಸ್ಲೈಡು ಬೇಕಾಯಿತು.

ರಾತ್ರಿ ಬರೆದ ಮೇಲ್‌ನಲ್ಲಿ ಜ್ವರ, ನಿದ್ದೆಗೇಡು ಎಲ್ಲ ಇತ್ತು. ಅದನ್ನು ಅಳಿಸಿ, ಶಾಸನಪಾಠಗಳನ್ನು ತೆಗೆದು ಕೂತೆ. ಇನ್ನೆರಡು ಇಸವಿಗಳೂ ತಪ್ಪು. ಮೂರನ್ನೂ 78 ವರ್ಷ ಈಚೆಗೆ ತಂದರೆ, ನಾನು ಹೆಮ್ಮೆಯಿಂದ ತೋರಿಸಿದ್ದ ‘ಶಾಸನಗಳಿಲ್ಲದ ನಡುಗಾಲ’ವೇ ಮಾಯ. ನಗುವಿಗಿಂತ ಅದು ಹೆಚ್ಚು ನೋಯಿಸಿತು.

ಬೆಳಿಗ್ಗೆ ಕಳಿಸಿದ್ದು ಮೂರೇ ವಾಕ್ಯ: ತಪ್ಪಿದ ಸಾಲುಗಳು, ಸರಿಯಾದ ಇಸವಿಗಳು, ಕೈಬಿಡುತ್ತಿರುವ ವಾದ. ಮೇಷ್ಟ್ರು ಉತ್ತರಿಸಿದರು: “ಹೊಸ ಪಟ್ಟಿ ಕಳಿಸಮ್ಮ.”