ತೇರಿನ ಮಾರನೇ ದಿನ ಹುಟ್ಟಿದ ಮೇಷ್ಟ್ರು

ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿದ ನಮ್ಮ ಮೇಷ್ಟ್ರ ನಿವೃತ್ತಿಗೆ ಬಿನ್ನವತ್ತಳೆ ಬರೆದುಕೊಡಬೇಕೆಂದು ಅಲ್ಲಿನ ಅಧ್ಯಾಪಕರು ಕೇಳಿದರು. ಆಧಾರಕ್ಕೆ ಎರಡು ಪುಟದ ಒಂದು ಪರಿಚಯವನ್ನೂ ಕಳಿಸಿದರು. ಜನನ, ವಿದ್ಯಾಭ್ಯಾಸ, ಸೇವೆಗೆ ಸೇರಿದ ದಿನ, ವರ್ಗಾವಣೆಗಳು, ಮುಗಿಸಿದ ರಿಫ್ರೆಷರ್ ಕೋರ್ಸುಗಳು, ನಡೆಸಿದ ಎನ್‌ಎಸ್‌ಎಸ್ ಶಿಬಿರಗಳು, ನ್ಯಾಕ್ ಸಮಿತಿಯ ಹೊಣೆ ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ ಒಂದು ಸಾಲು: ‘ಸರಳ ಸಜ್ಜನಿಕೆಯ ಇವರು ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಪ್ರಾಧ್ಯಾಪಕರು.’

ಪರಿಚಯದಲ್ಲಿ ಸುಳ್ಳೇನೂ ಇರಲಿಲ್ಲ. ಅದು ಇರಬೇಕಾದದ್ದೂ ಹಾಗೆಯೇ. ಪಿಂಚಣಿ ಕಡತಕ್ಕೆ, ಇಲಾಖೆಗೆ, ನೆನಪಿನ ಸಂಚಿಕೆಯ ಕಡೆಯ ಪುಟಕ್ಕೆ ಅಂಥದ್ದೊಂದು ಬೇಕು. ಆದರೆ ಐದು ನಿಮಿಷ ಗಟ್ಟಿಯಾಗಿ ಓದಿದರೆ ಸಭೆ ಮೊಬೈಲ್ ತೆಗೆಯುತ್ತದೆ. ಇಂಥ ಬರಹ ಕೈಗೆ ಬಂದಾಗ ನಾನು ಮೊದಲು ಮಾಡುವುದು ಒಂದೇ ಕೆಲಸ. ಪ್ರತಿ ವಾಕ್ಯದಲ್ಲೂ ಹೆಸರು ತೆಗೆದು ಪಕ್ಕದ ವಿಭಾಗದವರ ಹೆಸರು ಇಟ್ಟು ನೋಡುತ್ತೇನೆ. ಆಗಲೂ ವಾಕ್ಯ ಅಲುಗದೆ ನಿಂತರೆ ಅದು ನಮ್ಮ ಮೇಷ್ಟ್ರ ಬಗ್ಗೆ ಏನನ್ನೂ ಹೇಳುತ್ತಿಲ್ಲ. ‘ಸರಳ ಸಜ್ಜನಿಕೆ’ ನಿಂತಿತು. ‘ಶಿಬಿರಗಳನ್ನು ಯಶಸ್ವಿಯಾಗಿ ನಡೆಸಿದ್ದಾರೆ’ ಎಂಬುದೂ ನಿಂತಿತು. ಎರಡು ಪುಟದಲ್ಲಿ ಅಲುಗಿದ್ದು ಅವರ ಊರು, ಅವರ ಹುಟ್ಟಿದ ದಿನ, ಅವರು ಬಿಡದೆ ಓಡಾಡಿದ ಚಾಮರಾಜನಗರ–ತೆರಕಣಾಂಬಿ–ಗುಂಡ್ಲುಪೇಟೆ ರಸ್ತೆ, ಇಷ್ಟೇ. ಅಲ್ಲಿಂದಲೇ ಶುರು ಮಾಡಿದೆ.

ಎರಡನೆಯದಾಗಿ, ಇಡೀ ಬರಹವನ್ನು ‘ಅವರು’ ಎಂಬಲ್ಲಿಂದ ‘ನೀವು’ ಎಂಬಲ್ಲಿಗೆ ತಿರುಗಿಸಿದೆ. ಬಿನ್ನವತ್ತಳೆ ಎದುರಿಗಿರುವವರಿಗೆ ಮಾಡುವ ಅರಿಕೆ. ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅದಾದ ಹತ್ತು ವರ್ಷಕ್ಕೆ ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾದಾಗ ಕುವೆಂಪು ಅದನ್ನು ತಮ್ಮ ಆ ಗುರುಗಳಿಗೇ ಅರ್ಪಿಸಿದರು. ಆ ಅರ್ಪಣೆಯಲ್ಲಿ ಗುರುವಿನ ಪದವಿ, ಹುದ್ದೆಗಳ ಪಟ್ಟಿಯಿಲ್ಲ. ಇಲ್ಲದ ಗುರುವನ್ನು ಇದ್ದವರಂತೆಯೇ ಮಾತನಾಡಿಸುವ ಶಿಷ್ಯನಿದ್ದಾನೆ. ಕನ್ನಡದಲ್ಲಿ ಮೇಷ್ಟ್ರ ಬಗ್ಗೆ ಬರೆಯಬೇಕಾದವರೆಲ್ಲ ಒಮ್ಮೆ ಆ ಪುಟಗಳನ್ನು ಓದಬೇಕು ಎಂದು ನನಗೆ ಮನಸಾರೆ ಅನ್ನಿಸುತ್ತದೆ. ‘ನೀವು’ ಎಂದು ಬರೆಯತೊಡಗಿದ ಕೂಡಲೇ ಉತ್ಪ್ರೇಕ್ಷೆಗೆ ನಾಚಿಕೆಯಾಗುತ್ತದೆ. ‘ಅವರು ಜ್ಞಾನದ ಸಾಗರ’ ಎಂದು ಯಾರು ಬೇಕಾದರೂ ಬರೆಯಬಹುದು. ಅದನ್ನೇ ಅವರ ಮುಖ ನೋಡಿಕೊಂಡು ಹೇಳುವುದು ಕಷ್ಟ. ಅದೇ ‘ಬಸ್ಸು ತಡವಾದ ದಿನ ನೀವು ಸ್ಟ್ಯಾಂಡಿನಿಂದ ಓಡಿಕೊಂಡೇ ಬರುತ್ತಿದ್ದಿರಿ’ ಎಂಬ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ.

ಇನ್ನು ಹುಟ್ಟಿದ ದಿನ. ಪರಿಚಯದಲ್ಲಿ ಜೂನ್ 1 ಎಂದಿತ್ತು. ನಮ್ಮ ಕಡೆ ಆ ತಲೆಮಾರಿನವರಲ್ಲಿ ಜೂನ್ 1ಕ್ಕೆ ಹುಟ್ಟಿದವರು ಲೆಕ್ಕವಿಲ್ಲದಷ್ಟು. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲದಿದ್ದರೆ ಹೆಡ್ಮಾಸ್ತರು ಶಾಲೆ ತೆರೆಯುವ ಹೊತ್ತಿನ ಆ ದಿನವನ್ನೇ ಬರೆದುಕೊಳ್ಳುತ್ತಿದ್ದರು. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಹೀಗಾಗಿ ಅರವತ್ತು ತುಂಬುವ ವರ್ಷದ ಮೇ 31ರಂದು ಸರ್ಕಾರಿ ನೌಕರರು ಗುಂಪುಗುಂಪಾಗಿ ಮನೆಗೆ ಹೋಗುತ್ತಾರೆ. ನಮ್ಮ ಮೇಷ್ಟ್ರದೂ ಅದೇ ಕಥೆಯಿರಬಹುದೆಂದು ಚಾಮರಾಜನಗರದಲ್ಲಿರುವ ಅವರ ಅಕ್ಕನನ್ನು ಕೇಳಿದೆ.

“ತೇರಾಗಿ ಮಾರ್ನೆ ದಿನ ಕನಪ್ಪ. ಅವ್ವ ತೇರಿಗ ಬರ್ನಿಲ್ಲ. ನಾವೆಲ್ಲ ಹೋಗಿ ಬಂದು ಮನಿಕಂಡು, ಹೊತ್ತಾರೆ ಎದ್ದು ನೋಡುದ್ರ ಇಂವ ಅಳ್ತಾವ್ನ” ಎಂದರು.

ತೇರು ಎಂದರೆ ಚಾಮರಾಜೇಶ್ವರನದು. ಅರಿಕುಠಾರ ಎಂಬ ಊರಿನಲ್ಲಿ ಹುಟ್ಟಿದ ತಂದೆ ಚಾಮರಾಜ ಒಡೆಯರ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಗುಡಿ ಅದು. ಊರಿಗೆ ಈಗಿನ ಹೆಸರು ಬಂದದ್ದೂ ಆ ತಂದೆಯಿಂದಲೇ. ಆ ತೇರು ನಡೆಯುವುದು ಆಷಾಢದಲ್ಲಿ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗಿರುವ ಆ ತಿಂಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಬಂದು ತೇರಿಗೆ ಹಣ್ಣು ದವನ ಎಸೆಯುತ್ತಾರೆ. ಅಂದರೆ ನಮ್ಮ ಮೇಷ್ಟ್ರು ಹುಟ್ಟಿದ್ದು ಜೂನ್ ಕೊನೆಗೋ ಜುಲೈಗೋ ಇರಬೇಕು. ಮಗ ತಂದೆಗಾಗಿ ಕಟ್ಟಿಸಿದ ಗುಡಿಯ ತೇರಿನ ಮಾರನೇ ಬೆಳಗ್ಗೆ ಹುಟ್ಟಿದ ಮಗು, ಮುಂದೆ ಅದೇ ಒಡೆಯರ ಇತಿಹಾಸವನ್ನು ಮಕ್ಕಳಿಗೆ ಹೇಳುವ ಕೆಲಸಕ್ಕೆ ನಿಂತಿತು. ಇದಕ್ಕಿಂತ ಚೆಂದದ ಆರಂಭವನ್ನು ಕಲ್ಪಿಸಿ ಬರೆಯಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ಸೇವಾ ಪುಸ್ತಕದ ತಾರೀಖನ್ನು ಸಭೆಯಲ್ಲಿ ತಪ್ಪೆನ್ನುವಂತಿಲ್ಲ. ಪಿಂಚಣಿ ಕಾಗದಗಳೆಲ್ಲ ಅದರ ಮೇಲೆ ನಿಂತಿರುತ್ತವೆ. ಅದಕ್ಕೇ ತಾರೀಖಿನ ಸುದ್ದಿಗೆ ಹೋಗದೆ, ‘ತೇರಾದ ಮಾರನೇ ಬೆಳಗ್ಗೆ ಮನೆಗೆ ಬಂದವನು ಎಂದು ನಿಮ್ಮ ಅಕ್ಕ ಇವತ್ತಿಗೂ ಹೇಳುತ್ತಾರೆ’ ಎಂದಷ್ಟೇ ಬರೆದೆ.

‘ಅಚ್ಚುಮೆಚ್ಚಿನ ಪ್ರಾಧ್ಯಾಪಕರು’ ಎಂಬುದರ ಹಿಂದೆ ಏನಿದೆ ಎಂದು ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡತೊಡಗಿದೆ. ‘ಮೇಷ್ಟ್ರು ಹೇಗಿದ್ದರು’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು ಸಾ’ ಎಂಬ ಉತ್ತರವೇ ಬರುತ್ತದೆ. ಹಾಗೆ ಕೇಳಬಾರದು. ‘ನೀನು ಕ್ಲಾಸಿಗೆ ಬರದಿದ್ದ ದಿನ ಏನು ಮಾಡುತ್ತಿದ್ದರು’ ಎಂದು ಕೇಳಬೇಕು. ಆಗ ಹೂವಿನ ಕಥೆ ಬಂತು.

ಗುಂಡ್ಲುಪೇಟೆ ಸೀಮೆಯಲ್ಲಿ ಮಳೆಗಾಲ ಹಿಡಿದ ಮೇಲೆ ಹೊಲಗಳೆಲ್ಲ ಚೆಂಡು ಹೂವು. ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುವುದು ಒಂದು ಪಾಲು, ಓಣಂ ಹತ್ತಿರ ಬಂದಂತೆ ಕೇರಳದ ಮಾರುಕಟ್ಟೆಗೆ ಹೋಗುವುದು ಇನ್ನೊಂದು ಪಾಲು. ಅರಳಿದ ಹೂವು ಗಿಡದಲ್ಲಿ ಕಾಯುವುದಿಲ್ಲ. ಮನೆಯವರೆಲ್ಲ ಹೊಲಕ್ಕೆ ಇಳಿಯುತ್ತಾರೆ, ಡಿಗ್ರಿ ಓದುವ ಮಗಳೂ ಇಳಿಯುತ್ತಾಳೆ. ಇತ್ತ ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಬೇಕು. ಯಾಕೆ ಬರಲಿಲ್ಲ ಎಂದು ಕೇಳಿದಾಗ “ಹೂವ ಕುಯ್ಯಾಕ ಹೋಗಿದ್ದಿ ಸಾ” ಎಂದವಳಿಗೆ ಮೇಷ್ಟ್ರು ಬೈಯುತ್ತಿರಲಿಲ್ಲ, ಬಾರದವಳನ್ನು ಬಂದಳೆಂದು ಬರೆದುಕೊಳ್ಳುತ್ತಲೂ ಇರಲಿಲ್ಲ. ಕುಯ್ಲು ಮುಗಿದ ಮೇಲೆ, ಕಾಲೇಜಿನ ಮೊದಲ ಗಂಟೆಗೆ ಮುಂಚೆ, ಬಿಟ್ಟುಹೋದ ಪಾಠವನ್ನು ಮೊದಲಿನಿಂದ ಮಾಡುತ್ತಿದ್ದರು. ಅದಕ್ಕಾಗಿ ಚಾಮರಾಜನಗರದಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದರು. ಆ ತರಗತಿಯ ಹಾಜರಿಯನ್ನು ಬೇರೆ ಹಾಳೆಯಲ್ಲಿ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿ ಇಡುತ್ತಿದ್ದರು. ನಿಯಮವನ್ನೂ ಮುರಿಯದೆ ಹುಡುಗಿಯನ್ನೂ ಕೈಬಿಡದೆ ನಡೆದ ಈ ರೀತಿಯನ್ನು ‘ವಿದ್ಯಾರ್ಥಿಪರ ಕಾಳಜಿ’ ಎಂಬ ಎರಡು ಪದ ನುಂಗಿಹಾಕಿತ್ತು. ಬಿನ್ನವತ್ತಳೆಯಲ್ಲಿ ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಸಾಲು ಕೊಟ್ಟೆ. ಹೊಲ, ಹೂವು, ಬಸ್ಸು, ಆ ಬೇರೆ ಹಾಳೆ ಎಲ್ಲ ಬಂದವು, ಹೊಗಳಿಕೆಯ ಪದ ಒಂದೂ ಬೇಕಾಗಲಿಲ್ಲ.

ಕಥೆಗಳು ಕೈತುಂಬ ಸಿಕ್ಕ ಮೇಲೆ ಬೇರೆ ಅಪಾಯ ಶುರುವಾಗುತ್ತದೆ. ಒಮ್ಮೆ ಮೇಷ್ಟ್ರು ವಿದ್ಯಾರ್ಥಿಗಳನ್ನು ವಯನಾಡಿನ ಎಡಕಲ್ ಗುಹೆಗೆ, ಬಂಡೆಯ ಮೇಲಿನ ಹಳೆಯ ಗೀರುಚಿತ್ರ ತೋರಿಸಲು ಕರೆದೊಯ್ದಿದ್ದರು. 2009ರಿಂದ ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಇವರ ಬಸ್ಸು ತಡವಾಗಿ, ರಾತ್ರಿ ಸುಲ್ತಾನ್ ಬತ್ತೇರಿಯಲ್ಲೇ ಉಳಿಯಬೇಕಾಯಿತು. ಇಷ್ಟನ್ನು ಎಲ್ಲರೂ ಹೇಳಿದರು. ತಡವಾದದ್ದು ಯಾಕೆ ಎಂದರೆ ಒಬ್ಬ ಟೈರು ಪಂಚರ್ ಎಂದ, ಒಬ್ಬಳು ಗುಹೆಯ ಟಿಕೆಟ್ಟಿನ ಸಾಲು ಎಂದಳು, ಮತ್ತೊಬ್ಬ ದಾರಿಗೆ ಆನೆ ಅಡ್ಡ ನಿಂತಿತ್ತು ಎಂದ.

ಇದನ್ನು ಬಿಡಿಸಲು ಮೇಷ್ಟ್ರು ಕಲಿಸಿದ ಉಪಾಯವೇ ನೆರವಿಗೆ ಬಂತು. ಗುಂಡ್ಲುಪೇಟೆಯ ವಿಜಯನಾರಾಯಣ ಗುಡಿಗೋ ತ್ರಿಯಂಬಕಪುರಕ್ಕೋ ಕರೆದುಕೊಂಡು ಹೋದಾಗ ನೋಟ್ ಪುಸ್ತಕದ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿಸುತ್ತಿದ್ದರು. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು’. ಕಂಬ ಎಷ್ಟು, ಕಲ್ಲಿನ ಮೇಲೆ ಅಕ್ಷರ ಎಲ್ಲಿ ಸವೆದಿದೆ ಎಂಬುದು ಎಡಕ್ಕೆ. ಗುಡಿಯನ್ನು ಒಂದೇ ರಾತ್ರಿಯಲ್ಲಿ ಕಟ್ಟಿದರಂತೆ ಎಂಬ ಊರವರ ಮಾತು ಬಲಕ್ಕೆ. ಎರಡನ್ನೂ ಬರೆಯಬೇಕು, ಎರಡನ್ನೂ ಕಲಸಬಾರದು. ನಾನೂ ಒಂದು ಹಾಳೆಗೆ ಗೆರೆ ಎಳೆದೆ. ಆನೆ, ಪಂಚರ್, ಟಿಕೆಟ್ ಎಲ್ಲ ಬಲಕ್ಕೆ ಹೋದವು. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಬೇರೆ ಬೇರೆಯಾಗಿ ಹೇಳಿದವರೆಲ್ಲರ ಮಾತಿನಲ್ಲಿ ಸಮನಾಗಿದ್ದದ್ದು ಎಡಕ್ಕೆ ಬಂತು. ಅದಿಷ್ಟು: ಊಟಕ್ಕೆ ಕೂರುವ ಮುಂಚೆ ಮೇಷ್ಟ್ರು ತಮ್ಮ ಮೊಬೈಲಿನಿಂದ ಒಬ್ಬೊಬ್ಬ ಹುಡುಗಿಯ ಮನೆಗೂ ಫೋನ್ ಮಾಡಿ, ತಾವೇ ಮಾತಾಡಿ, ಆಮೇಲೆ ಮಗಳ ಕೈಗೆ ಕೊಟ್ಟರು. ಬೆಳಗಾಗುತ್ತಲೇ, ಹೇಗೂ ಉಳಿದಿದ್ದೇವಲ್ಲ ಎಂದು, ಆ ಊರಿನ ಹಳೆಯ ಕಲ್ಲಿನ ಬಸದಿಯತ್ತ ಎಲ್ಲರನ್ನೂ ನಡೆಸಿಕೊಂಡು ಹೋದರು. ಬಿನ್ನವತ್ತಳೆಗೆ ಇವೆರಡೇ ಸಾಕಾದವು.

ಕರಡನ್ನು ಮೇಷ್ಟ್ರಿಗೆ ತೋರಿಸುವಂತಿರಲಿಲ್ಲ, ಅವರ ಮನೆಯವರಿಗೆ ತೋರಿಸಿದೆ. ಅವರು ನಿಧಾನವಾಗಿ ಓದಿ ಒಂದು ವಾಕ್ಯದ ಮೇಲೆ ಬೆರಳಿಟ್ಟರು. ಒಬ್ಬ ಹುಡುಗನ ಪರೀಕ್ಷೆ ಶುಲ್ಕ ಕಟ್ಟಿದ ಸಂಗತಿ ಅದು, ಹೆಸರು ಹಾಕಿರಲಿಲ್ಲ. “ಹೆಸರಿಲ್ದಿದ್ರೂ ಅವನ ಜೊತೆ ಓದ್ದವರಿಗೆಲ್ಲ ಗೊತ್ತಾಗುತ್ತೆ. ಅವನೂ ಹೆಂಡ್ತಿ ಮಕ್ಕಳ ಜೊತೆ ಬರ್ತಾನೆ. ಇದು ಬೇಡ ಕಣಪ್ಪ” ಎಂದರು. ಕೊಟ್ಟವರನ್ನು ಹೊಗಳುವಾಗ ಪಡೆದವರು ಎದುರಿಗೇ ಕೂತಿರುತ್ತಾರೆ. ವಾಕ್ಯ ತೆಗೆದೆ.

ಸಭೆಯಲ್ಲಿ ಬಿನ್ನವತ್ತಳೆ ಓದುವವಳು ತೆರಕಣಾಂಬಿ ಕಡೆಯ ಅಂತಿಮ ಬಿ.ಎ. ಹುಡುಗಿ. ನಿಮಿಷಕ್ಕೆ ನೂರು ಪದದ ಆಸುಪಾಸು ಓದಿದರೆ ಹಿಂದಿನ ಸಾಲಿಗೂ ತಿಳಿಯುತ್ತದೆ. ಚೌಕಟ್ಟು ಹಾಕಿಸುವ ಹಾಳೆಗೆ ಮುನ್ನೂರು ಪದಕ್ಕಿಂತ ಹೆಚ್ಚು ಹಿಡಿಸಿದರೆ ಅಕ್ಷರ ಸಣ್ಣದಾಗುತ್ತದೆ. ಅವಳು ಗಟ್ಟಿಯಾಗಿ ಓದುತ್ತ ಉಸಿರು ಸಾಲದೆ ನಿಂತ ಕಡೆಯಲ್ಲೆಲ್ಲ ವಾಕ್ಯ ಒಡೆದೆ. ‘ಕರ್ತವ್ಯನಿಷ್ಠ’ದಂಥ ಸಮಾಸಗಳು ತಾವಾಗಿ ಉದುರಿದವು.

ಉಳಿದದ್ದು ಕೊನೆಯ ಸಾಲು. ಆಯುರಾರೋಗ್ಯ ಭಾಗ್ಯ ಕೋರುವ ಸಾಲು ಹೆಸರು ಬದಲಿಸುವ ಪರೀಕ್ಷೆಯಲ್ಲಿ ಮೊದಲೇ ಬಿದ್ದಿತ್ತು. ಅರಿಕೆ ಎಂದ ಮೇಲೆ ಏನನ್ನಾದರೂ ಕೇಳಬೇಕಲ್ಲವೇ. ಅಷ್ಟು ವರ್ಷ ಗುಡಿ, ವೀರಗಲ್ಲು, ಶಾಸನಗಳ ಮುಂದೆ ನಿಂತು ಅವರು ಬರೆದುಕೊಂಡ ನೋಟ್ ಪುಸ್ತಕಗಳು ಮನೆಯಲ್ಲಿವೆ. ಅವನ್ನು ಪ್ರತಿ ಮಾಡಿಸಿ ಕಾಲೇಜಿನ ಗ್ರಂಥಾಲಯದಲ್ಲಿ ಇಟ್ಟುಕೊಳ್ಳಲು ಕೊಡಿ ಎಂದು ಕೇಳಿ ಮುಗಿಸಿದೆವು.

ಸಭೆಯಲ್ಲಿ ಮೇಷ್ಟ್ರು ಎದ್ದು ಮೊದಲು ಉತ್ತರಿಸಿದ್ದೇ ಅದಕ್ಕೆ. “ಕೊಡ್ತೀನಿ. ಆದರೆ ಬಲಗಡೆ ಬರ್ಕೊಂಡಿರೋದನ್ನ ನಾನಿನ್ನೂ ಪೂರ್ತಿ ವಿಚಾರಿಸಿಲ್ಲ. ಮುಂದಿನ ತಿಂಗಳು ಮೊದಲು ತ್ರಿಯಂಬಕಪುರಕ್ಕೆ ಹೋಗ್ತೀನಿ. ಯಾರು ಬರ್ತೀರೋ ಅವರು ಬೆಳಗ್ಗೆ ಮೊದಲನೇ ಬಸ್ಸಿಗೆ ಬನ್ನಿ.”