ಬೇಡ ಅನ್ನೋಕೆ ಬೇರೆಯದೇ ರೂಪ

ನಮ್ಮ ಪ್ರಾಜೆಕ್ಟಿನ ಅರ್ಧ ಟೀಮ್ ಮೆಕ್ಸಿಕೋದಲ್ಲಿದೆ. ಅವರ ಜೊತೆ ಚಾಟ್‌ನಲ್ಲಿ ಒಂದೆರಡು ಸಾಲು ಸ್ಪ್ಯಾನಿಷ್ ಬರೆದರೆ ಕೆಲಸ ಬೇಗ ಆಗುತ್ತೆ ಅಂತ ಇಲ್ಲಿ ಕೆಲವರು ಕಲಿಯೋಕೆ ಶುರು ಮಾಡಿದ್ವಿ. ಹಾಗೆ ಕಲಿಯುತ್ತಿದ್ದ ಒಬ್ಬ ಸಹೋದ್ಯೋಗಿ ಒಂದು ಶುಕ್ರವಾರ ಸಂಜೆ ಆ ಕಡೆಗೆ ಮೆಸೇಜ್ ಹಾಕಿದ: ‘ನೋ ಬೋರ್ರಾ ಲಾ ತಾಬ್ಲಾ’. ಎರಡು ವಾರ ಕೂತು ಕೂಡಿಹಾಕಿದ್ದ ಟೆಸ್ಟ್ ಡೇಟಾ ಆ ಟೇಬಲ್‌ನಲ್ಲಿತ್ತು. ‘ಟೇಬಲ್ ಅಳಿಸಬೇಡ’ ಅನ್ನೋದು ಅವನ ಉದ್ದೇಶ. ಆ ಕಡೆಯ ಹುಡುಗಿ ಓದಿದ್ದು ‘ಟೇಬಲ್ ಅಳಿಸ್ತಾ ಇಲ್ಲ’ ಅಂತ. ಅಂದರೆ ಸ್ಕ್ರಿಪ್ಟ್ ಕೆಲಸ ಮಾಡ್ತಿಲ್ಲ, ಪಾಪ, ಅಳಿಸೋಕೆ ಪರದಾಡ್ತಿದ್ದಾನೆ ಅಂತ. ‘ಏನು ಎರರ್ ಬರ್ತಿದೆ? ನಾನೇ ಅಳಿಸಲಾ?’ ಅಂತ ಕೇಳಿದಳು. ಕೇಳಿದ್ದು ನಮ್ಮ ಪುಣ್ಯ. ಕೇಳದೆ ಅಳಿಸಿದ್ದರೆ ಎರಡು ವಾರದ ಕೆಲಸ ಹೋಗ್ತಿತ್ತು.

ಅವನು ಬರೆಯಬೇಕಿದ್ದದ್ದು ‘ನೋ ಬೋರ್ರೆಸ್’. ಅಳಿಸು ಅನ್ನೋಕೆ ‘ಬೋರ್ರಾ’, ಅಳಿಸಬೇಡ ಅನ್ನೋಕೆ ‘ನೋ ಬೋರ್ರೆಸ್’. ‘ನೋ’ ಅಂದರೆ ಇಲ್ಲ. ಆದರೆ ಆಜ್ಞೆಯ ಹಿಂದೆ ಬರೀ ಅದನ್ನು ಅಂಟಿಸಿದರೆ ಸಾಲದು, ಕ್ರಿಯಾಪದವೇ ಬದಲಾಗಬೇಕು. ಹಾಡು ಅನ್ನೋಕೆ ‘ಕಾಂತಾ’, ಹಾಡಬೇಡಕ್ಕೆ ‘ನೋ ಕಾಂತೆಸ್’. ತಿನ್ನು ಅನ್ನೋಕೆ ‘ಕೋಮೆ’, ತಿನ್ನಬೇಡಕ್ಕೆ ‘ನೋ ಕೋಮಾಸ್’. ‘ಆ’ ಇದ್ದಲ್ಲಿ ‘ಎ’ ಬರುತ್ತೆ, ‘ಎ’ ಇದ್ದಲ್ಲಿ ‘ಆ’ ಬರುತ್ತೆ. ಕೊನೆಗೆ ‘ನೀನು’ ಅನ್ನುವ ‘ಸ್’.

ಈ ‘ಕಾಂತೆಸ್’ ಹೊಸದಾಗಿ ಹುಟ್ಟಿದ್ದಲ್ಲ. ವ್ಯಾಕರಣದವರು ಸಬ್‌ಜಂಕ್ಟಿವ್ ಅಂತ ಕರೆಯೋ ರೂಪ ಅದು. ನಡೆದದ್ದನ್ನು, ನಡೆಯುತ್ತಿರೋದನ್ನು ಹೇಳೋಕೆ ಒಂದು ರೂಪ. ಮನಸ್ಸಿನಲ್ಲಿ ಮಾತ್ರ ಇರುವ ಆಸೆ, ಅನುಮಾನ, ಭಯ ಹೇಳೋಕೆ ಈ ಇನ್ನೊಂದು ರೂಪ. ‘ನೀನು ಹಾಡ್ತೀಯ’ ಅಂದರೆ ಸುದ್ದಿ. ‘ನೀನು ಹಾಡಬೇಕು ಅಂತ ನನ್ನಾಸೆ’ ಅಂದರೆ ಬರೀ ಆಸೆ. ಆ ಎರಡನೇ ವಾಕ್ಯ ಸ್ಪ್ಯಾನಿಷ್‌ನಲ್ಲಿ ‘ಕಿಯೇರೊ ಕೆ ಕಾಂತೆಸ್’. ಅಲ್ಲಿರೋ ‘ಕಾಂತೆಸ್’ ಇದೇ. ಅಂದರೆ ‘ನೋ ಕಾಂತೆಸ್’ ಅಂದಾಗ ಸ್ಪ್ಯಾನಿಷ್ ಆಜ್ಞೆ ಮಾಡ್ತಿದ್ದರೂ, ರೂಪದ ಲೆಕ್ಕದಲ್ಲಿ ಅದು ‘ನೀನು ಹಾಡದಿರಲಿ’ ಅನ್ನೋ ಹಾರೈಕೆ.

ಯಾಕೆ ಹೀಗೆ ಅಂತ ಕೇಳಿದರೆ ಕಲಿಯುವವರಿಗೆ ಥಟ್ಟನೆ ಹೊಳೆಯೋ ಉತ್ತರ ಒಂದಿದೆ. ‘ಬೋರ್ರಾ’ ಅಂದರೆ ‘ಅಳಿಸು’ ಕೂಡ ಹೌದು, ‘ಅವನು ಅಳಿಸುತ್ತಾನೆ’ ಕೂಡ ಹೌದು. ಹಾಗಾಗಿ ‘ನೋ ಬೋರ್ರಾ’ ಗೊಂದಲ ಮಾಡುತ್ತೆ, ಅದನ್ನು ತಪ್ಪಿಸೋಕೆ ಬೇರೆ ರೂಪ ತಂದರು ಅಂತ. ಆ ಶುಕ್ರವಾರದ ಕಥೆ ಕೇಳಿದವರು ಇದನ್ನು ತಕ್ಷಣ ಒಪ್ಪಿಬಿಡ್ತಾರೆ. ಆದರೆ ಸ್ವಲ್ಪ ತಿರುಗಿಸಿ ನೋಡಿದರೆ ಈ ವಾದ ನಿಲ್ಲಲ್ಲ. ಸ್ಪೇನ್‌ನಲ್ಲಿ ಹಲವರಿಗೆ ಒಟ್ಟಿಗೆ ‘ಹಾಡಿ’ ಅನ್ನೋಕೆ ‘ಕಾಂತಾದ್’ ಅಂತಾರೆ. ಈ ರೂಪಕ್ಕೆ ಬೇರೆ ಅರ್ಥವೇ ಇಲ್ಲ, ಗೊಂದಲದ ಪ್ರಶ್ನೆಯೇ ಇಲ್ಲ. ಆದರೂ ‘ನೋ ಕಾಂತಾದ್’ ಅನ್ನೋ ಹಾಗಿಲ್ಲ, ‘ನೋ ಕಾಂತೇಯ್ಸ್’ ಅನ್ನಬೇಕು. ‘ಇಡು’ ಅನ್ನೋಕೆ ‘ಪೋನ್’. ಅದಕ್ಕೂ ಎರಡರ್ಥ ಇಲ್ಲ. ಆದರೂ ‘ನೋ ಪೋನ್’ ತಪ್ಪು, ‘ನೋ ಪೋಂಗಾಸ್’ ಸರಿ. ಗೊಂದಲ ಕಾರಣವಲ್ಲ ಅಂತಾಯ್ತು. ನಿಯಮ ಗೊತ್ತಿಲ್ಲದವರಿಗೆ ಬೀಳೋ ದಂಡ ಅಷ್ಟೆ.

ನಿಜವಾದ ಉತ್ತರ ಲ್ಯಾಟಿನ್‌ನಲ್ಲಿದೆ. ಲ್ಯಾಟಿನ್‌ನಲ್ಲೂ ‘ಹಾಡು’ ಅನ್ನೋದು ‘ಕಾಂತಾ’ನೇ. ಬಹಳ ಹಳೆಯ ಲ್ಯಾಟಿನ್ ನಾಟಕಗಳಲ್ಲಿ ಆಜ್ಞೆಯ ಹಿಂದೆ ನೇರವಾಗಿ ನಿಷೇಧದ ಪದ ಹಾಕೋದು ಸಿಗುತ್ತೆ. ಆದರೆ ನಂತರದ ಒಳ್ಳೆ ಗದ್ಯ ಅದನ್ನು ಬಿಟ್ಟುಬಿಟ್ಟಿತು. ಅದರ ಬದಲು ಎರಡು ದಾರಿ ಉಳಿದವು. ಒಂದು, ಸಬ್‌ಜಂಕ್ಟಿವ್ ಬಳಸಿ ಹಾರೈಕೆಯ ಹಾಗೆ ಹೇಳೋದು. ಇನ್ನೊಂದು, ‘ನೋಲಿ ಕಾಂತಾರೆ’ ಅನ್ನೋದು. (ಸಿನಿಮಾಗೂ ಇದಕ್ಕೂ ಸಂಬಂಧ ಇಲ್ಲ, ‘ಕಾಂತಾರೆ’ ಅಂದರೆ ಹಾಡೋದು.) ‘ನೋಲಿ’ ಅಂದರೆ ‘ಮನಸ್ಸು ಮಾಡಬೇಡ’. ಲ್ಯಾಟಿನ್‌ನ ಮಕ್ಕಳು ಬೇರೆ ಬೇರೆ ದಾರಿ ಹಿಡಿದರು. ಸ್ಪ್ಯಾನಿಷ್ ಸಬ್‌ಜಂಕ್ಟಿವ್ ಇಟ್ಟುಕೊಂಡಿತು. ಲ್ಯಾಟಿನ್‌ನಲ್ಲಿ ‘ಕಾಂತೆಸ್’ ಅಂತಿದ್ದದ್ದು ಇವತ್ತಿಗೂ ಅಕ್ಷರ ಬದಲಾಗದೆ ‘ಕಾಂತೆಸ್’ ಆಗೇ ಇದೆ. ಇಟಾಲಿಯನ್ನರು ‘ನೀನು’ ಅನ್ನುವವರಿಗೆ ‘ನೋನ್ ಕಾಂತಾರೆ’ ಅಂತಾರೆ. ಫ್ರೆಂಚರು ಮಾತ್ರ ಏನೂ ತಲೆಕೆಡಿಸಿಕೊಳ್ಳದೆ ಆಜ್ಞೆಯ ರೂಪಕ್ಕೇ ನಿಷೇಧ ಸೇರಿಸಿದರು. ಅಂದರೆ ಇದು ಹೀಗೇ ಇರಬೇಕು ಅಂತ ಯಾವ ತರ್ಕವೂ ಹೇಳಲ್ಲ. ಸ್ಪ್ಯಾನಿಷ್‌ನದ್ದು ಮನೆತನದಿಂದ ಬಂದ ಅಭ್ಯಾಸ.

ನಿಜ ಹೇಳಬೇಕಂದ್ರೆ ‘ಸಾಲ ತಂದ ರೂಪ’ ಅನ್ನೋದೂ ಪೂರ್ತಿ ಸರಿಯಲ್ಲ. ಸ್ಪ್ಯಾನಿಷ್‌ನಲ್ಲಿ ಅಪ್ಪಟ ಆಜ್ಞೆಯ ರೂಪ ಇರೋದೇ ‘ನೀನು’ ಮತ್ತು ಸ್ಪೇನಿನ ‘ನೀವೆಲ್ಲ’ ಎರಡಕ್ಕೆ. ಗೌರವದ ‘ಉಸ್ತೇದ್’ಗೆ ಅದು ಇಲ್ಲವೇ ಇಲ್ಲ. ಅಳಿಸಿ ಅನ್ನೋಕೂ ‘ಬೋರ್ರೆ’, ಅಳಿಸಬೇಡಿ ಅನ್ನೋಕೂ ‘ನೋ ಬೋರ್ರೆ’, ಎರಡೂ ಸಬ್‌ಜಂಕ್ಟಿವ್ವೇ. ‘ಉಸ್ತೇದ್’ ಹುಟ್ಟಿದ್ದು ‘ವ್ಯುಯೆಸ್ತ್ರಾ ಮೆರ್ಸೇದ್’ನಿಂದ. ‘ತಮ್ಮ ಕೃಪೆ’ ಅನ್ನೋ ಥರದ ಬಿರುದು ಅದು. ಬಿರುದಿಗೆ ‘ಬಾ’ ಅನ್ನೋಕಾಗಲ್ಲ, ‘ಬರಲಿ’ ಅನ್ನಬೇಕು. ನಮ್ಮೂರ ಪೌರಾಣಿಕ ನಾಟಕದಲ್ಲಿ ದ್ವಾರಪಾಲಕ ರಾಜನಿಗೆ ‘ಮಹಾಪ್ರಭುಗಳು ದಯಮಾಡಿಸಲಿ’ ಅಂತಿದ್ದನಲ್ಲ, ಅದೇ ಲೆಕ್ಕ.

ನಾವೂ ಏನೂ ಕಮ್ಮಿಯಿಲ್ಲ. ‘ಮುಟ್ಟು’ ಅನ್ನೋದರ ಜೊತೆ ‘ಇಲ್ಲ’ ಸೇರಿಸಿ ಯಾರಾದರೂ ಮಗುವನ್ನು ಗದರಿಸ್ತಾರಾ? ‘ಮುಟ್ಟಲ್ಲ’ ಅಂದರೆ ಅದು ಸುದ್ದಿ, ಅವನು ಮುಟ್ಟಲ್ಲ ಅಂತ. ಗದರಿಸೋಕೆ ‘ಮುಟ್ಟಬೇಡ’ ಬೇಕು. ಆ ‘ಬೇಡ’ ಎಲ್ಲಿಂದ ಬಂತು? ‘ಬೇಕು’ ಅನ್ನೋದರ ಎದುರು ಪದ ಅದು. ಒಲೆ ಹತ್ತಿರ ಕೈ ಚಾಚಿದ ಮೊಮ್ಮಗನಿಗೆ ನಮ್ಮಜ್ಜಿ ‘ಮುಟ್ಬೇಡ ಕಣ್ಲಾ’ ಅಂದಾಗ ಅದೂ ಬಿಡಿಸಿ ನೋಡಿದರೆ ‘ಮುಟ್ಟೋದು ಬೇಕಿಲ್ಲ’ ಅಂತ. ಲ್ಯಾಟಿನ್‌ನ ‘ನೋಲಿ’ಗೆ ನಮ್ಮ ‘ಬೇಡ’ ಎಷ್ಟು ಹತ್ತಿರ ನೋಡಿ. ಎರಡೂ ಮನಸ್ಸಿನ ಬೇಕು-ಬೇಡಕ್ಕೇ ಕೈ ಹಾಕ್ತವೆ. 495 ಭಾಷೆಗಳನ್ನು ಹೋಲಿಸಿದ ವಾನ್ ಡರ್ ಔವೆರಾ ಮತ್ತು ಲೆಜೂನ್ ಅವರ ಅಧ್ಯಯನದಲ್ಲಿ ಮಾಮೂಲಿ ಆಜ್ಞೆಗೆ ಮಾಮೂಲಿ ನಿಷೇಧ ಸೇರಿಸಿ ಸುಮ್ಮನಾಗೋ ಭಾಷೆಗಳು ಬರೀ 113. ಉಳಿದವೆಲ್ಲ ‘ಬೇಡ’ ಅನ್ನೋಕೆ ಏನಾದರೂ ಬೇರೆ ಏರ್ಪಾಡು ಮಾಡಿಕೊಂಡಿವೆ. ಮಾಡು ಅನ್ನೋದು ಎದುರಿಗಿರೋ ಕೆಲಸಕ್ಕೆ ನೂಕೋದು. ಬೇಡ ಅನ್ನೋದು ಇನ್ನೂ ನಡೆಯದ್ದು ನಡೆಯದೇ ಇರಲಿ ಅನ್ನೋ ಆಸೆ. ಆಸೆಗೆ ಮೊದಲೇ ಒಂದು ರೂಪ ಇದ್ದರೆ ಅದನ್ನೇ ಬಳಸಿಕೊಳ್ಳೋದು ಸಹಜ.

ಇದು ಅರ್ಥವಾದರೆ ಇನ್ನೊಂದು ಕಾಟವೂ ತಪ್ಪುತ್ತೆ. ‘ಅದನ್ನು ಅಳಿಸು’ ಅನ್ನೋಕೆ ‘ಬೋರ್ರಾಲಾ’, ‘ಅದನ್ನು’ ಕ್ರಿಯಾಪದದ ಬಾಲಕ್ಕೆ ಅಂಟುತ್ತೆ. ‘ಅದನ್ನು ಅಳಿಸಬೇಡ’ ಅನ್ನೋಕೆ ‘ನೋ ಲಾ ಬೋರ್ರೆಸ್’, ಅದೇ ‘ಲಾ’ ಮುಂದಕ್ಕೆ ಬಂದು ಬಿಡಿಯಾಗಿ ನಿಲ್ಲುತ್ತೆ. ಕಾರಣ, ‘ಬೋರ್ರೆಸ್’ ಇಲ್ಲಿ ಮಾಮೂಲಿ ವಾಕ್ಯದ ಕ್ರಿಯಾಪದದಂತೆ ನಡೆದುಕೊಳ್ಳುತ್ತೆ, ಮಾಮೂಲಿ ವಾಕ್ಯದಲ್ಲಿ ‘ಲಾ’ ಮುಂದೇ ಇರೋದು. ಎರಡು ನಿಯಮ ಅಂತ ಬಾಯಿಪಾಠ ಮಾಡೋದು ಒಂದೇ ನಿಯಮವಾಗುತ್ತೆ.

ಇಷ್ಟೆಲ್ಲ ನೆನಪಿಲ್ಲದೆ ಅರ್ಜೆಂಟಾಗಿ ಬರೆಯಬೇಕಾದರೆ ಸ್ಪ್ಯಾನಿಷ್ ಬೋರ್ಡುಗಳನ್ನು ನೋಡಿ ಕಲಿಯಬಹುದು. ‘ನೋ ಫುಮಾರ್’, ‘ನೋ ತೊಕಾರ್’ ಅಂತಿರುತ್ತೆ, ಸೇದಬಾರದು, ಮುಟ್ಟಬಾರದು ಅಂತ. ಮೂಲ ರೂಪಕ್ಕೆ ‘ನೋ’ ಅಷ್ಟೆ. ಟೇಬಲ್ ಮೇಲೆ ‘ನೋ ಬೊರ್ರಾರ್’ ಅಂತ ಹೆಸರು ಹಚ್ಚಿಟ್ಟರೆ ಯಾರೂ ತಪ್ಪು ತಿಳಿಯಲ್ಲ. ಆದರೆ ಅದು ಬೋರ್ಡಿನ ಮಾತು. ಎದುರಿಗಿರೋ ಮನುಷ್ಯರಿಗೆ ಹಾಗಂದರೆ ಗೋಡೆ ಮಾತಾಡಿದ ಹಾಗಿರುತ್ತೆ. ಅವರಿಗೆ ‘ಬೋರ್ರೆಸ್’ ಅಥವಾ ‘ಬೋರ್ರೆ’ನೇ ಬೇಕು.