ಹೆಬ್ಬೆರಳಿಗೆ ಸುತ್ತಿದ ಹಗ್ಗ

ಚಪ್ಪಲಿ ಬಿಟ್ಟು ಎದ್ದು ನಿಂತುಕೊಳ್ಳಿ. ಎರಡೂ ಕಾಲಿನ ಮೇಲೆ ಭಾರ ಸಮನಾಗಿರಲಿ. ಈಗ ಮನೆಯಲ್ಲಿ ಯಾರಿಗಾದರೂ ನಿಮ್ಮ ಒಂದು ಕಾಲಿನ ಹೆಬ್ಬೆರಳನ್ನು ಮಾತ್ರ ಹಿಡಿದು ಮೇಲಕ್ಕೆತ್ತೋಕೆ ಹೇಳಿ. (ಆಫೀಸಿನಲ್ಲಿ ಬೇಡ, ಎಚ್‌ಆರ್‌ವರೆಗೂ ಹೋದೀತು.) ಎತ್ತಿದ್ದು ಬೆರಳನ್ನು, ಆದರೆ ಅಂಗಾಲಿನ ಒಳಬದಿಯ ಗುಳಿ ತಾನಾಗಿಯೇ ಆಳವಾಗುತ್ತದೆ. ಗಮನಿಸಿ ನೋಡಿದರೆ ಮೊಣಕಾಲಿನ ಕೆಳಗಿನ ಎಲುಬು ಕೂಡ ಚೂರು ಹೊರಗಡೆಗೆ ತಿರುಗುತ್ತದೆ. ನೀವು ಯಾವ ಸ್ನಾಯುವನ್ನೂ ಬಿಗಿ ಮಾಡಿಲ್ಲ.

ನಮ್ಮೂರಲ್ಲಿ ಬಾವಿ ತೋಡುವಾಗ ಇದೇ ಕೆಲಸ ಮಾಡುವ ಒಂದು ಸಲಕರಣೆ ಇತ್ತು. ಎರಡು ಕವೆಗೋಲಿನ ಮೇಲೆ ಅಡ್ಡಕ್ಕೆ ಒಂದು ಮರದ ದಿಮ್ಮಿ, ಅದರ ಎರಡೂ ತುದಿಗೆ ಹಿಡಿ. ಇಬ್ಬರು ನಿಂತು ತಿರುಗಿಸಿದರೆ ಹಗ್ಗ ದಿಮ್ಮಿಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಮಣ್ಣಿನ ಬುಟ್ಟಿ ಮೇಲೆ ಬರುತ್ತದೆ. ನೀರು ಸೇದುವ ರಾಟೆಯ ಕಥೆ ಬೇರೆ. ರಾಟೆ ಹಗ್ಗದ ದಿಕ್ಕನ್ನು ಬದಲಿಸುತ್ತದೆ ಅಷ್ಟೇ, ದಿಮ್ಮಿ ಹಗ್ಗವನ್ನು ಗಿಡ್ಡ ಮಾಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ವಿಂಡ್‌ಲಾಸ್ ಅಂತ ಹೆಸರು. 1954ರಲ್ಲಿ ಜೆ. ಎಚ್. ಹಿಕ್ಸ್ ಎಂಬ ಬ್ರಿಟಿಷ್ ವೈದ್ಯರು ಪಾದದ ಬಗ್ಗೆ ಬರೆದ ಲೇಖನದಲ್ಲಿ ಆ ಹೆಸರನ್ನೇ ಬಳಸಿದರು, ಅದೇ ಉಳಿದುಕೊಂಡಿತು.

ಪಾದದಲ್ಲಿ ಹಗ್ಗ ಅಂದರೆ ಪ್ಲಾಂಟರ್ ಫೇಷಿಯಾ. ಹಿಮ್ಮಡಿಯ ಎಲುಬಿನಿಂದ ಹೊರಟು, ಅಂಗಾಲಿನ ಉದ್ದಕ್ಕೂ ಹಾದು, ಬೆರಳುಗಳ ಬುಡದ ಉಬ್ಬನ್ನು ಬಳಸಿ, ಬೆರಳಿನ ಮೊದಲ ಎಲುಬಿಗೆ ಅಂಟಿಕೊಳ್ಳುವ ಗಟ್ಟಿ ಪಟ್ಟಿ. ಆ ಉಬ್ಬೇ ದಿಮ್ಮಿ, ಬೆರಳೇ ಹಿಡಿ. ಅಂಗಾಲಿನ ಕಮಾನನ್ನು ಕಲ್ಲಿನ ಸೇತುವೆಯ ಕಮಾನಿನ ಹಾಗೆ ಕಲ್ಪಿಸಿಕೊಳ್ಳುವುದಕ್ಕಿಂತ ಹೆಂಚಿನ ಮನೆಯ ಸೂರಿನ ಹಾಗೆ ನೋಡುವುದು ವಾಸಿ. ಎರಡು ಇಳಿಜಾರು ತೊಲೆ, ಅವು ಅಗಲಕ್ಕೆ ಜಾರದಂತೆ ಕೆಳಗೊಂದು ಕಟ್ಟು. ಕಟ್ಟನ್ನು ಗಿಡ್ಡ ಮಾಡಿದರೆ ತೊಲೆಗಳ ಬುಡ ಹತ್ತಿರ ಬರುತ್ತವೆ, ಶಿಖರ ಏರುತ್ತದೆ.

ಲೆಕ್ಕ ಹಾಕದೆ ನಿದ್ದೆ ಬರುವ ಜಾತಿಯವನಲ್ಲ ನಾನು. ಉಬ್ಬಿನ ತ್ರಿಜ್ಯ 1 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಹೆಬ್ಬೆರಳು 60 ಡಿಗ್ರಿ ಮೇಲೆದ್ದರೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಹಗ್ಗ ಸುತ್ತಿಕೊಳ್ಳುತ್ತದೆ. ಸೂರಿನ ಬುಡ 14 ಸೆಂಟಿಮೀಟರ್, ಎತ್ತರ 5 ಇದ್ದದ್ದು, ಬುಡ 13ಕ್ಕೆ ಇಳಿದಾಗ ಎತ್ತರ 5.6 ಆಗುತ್ತದೆ. ಫೇಷಿಯಾ ತಾನೂ ಸ್ವಲ್ಪ ಹಿಗ್ಗುವುದರಿಂದ ನಿಜವಾದ ಪಾದದಲ್ಲಿ ಇದಕ್ಕಿಂತ ಕಡಿಮೆಯೇ ಇರಬಹುದು. ಆದರೂ ಕೆಲವು ಮಿಲಿಮೀಟರ್ ಏರಿಕೆ ಬರಿಗಣ್ಣಿಗೆ ಕಾಣುವಂಥದ್ದೇ.

ನಡೆಯುವಾಗ ಈ ಹಿಡಿಯನ್ನು ಯಾರೂ ತಿರುಗಿಸಬೇಕಿಲ್ಲ. ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ, ಬೆರಳು ನೆಲದಲ್ಲೇ ಉಳಿಯುತ್ತದೆ. ಪಾದದ ಕಡೆಯಿಂದ ನೋಡಿದರೆ ಅದು ಬೆರಳನ್ನು ಮೇಲೆತ್ತಿದ ಹಾಗೇ ಆಯಿತು. ಮೈಭಾರವೆಲ್ಲ ಪಾದದ ಮುಂಭಾಗಕ್ಕೆ ಬಂದು, ಮೀನಖಂಡ ಹಿಮ್ಮಡಿಯನ್ನು ಜೋರಾಗಿ ಮೇಲೆಳೆಯುವ ಆ ಗಳಿಗೆಯಲ್ಲಿ ಪಾದ ನಡುವೆ ಬಗ್ಗಿಬಿಟ್ಟರೆ ನೂಕಿದ ಬಲ ವ್ಯರ್ಥ. ಸರಿಯಾಗಿ ಅದೇ ಹೊತ್ತಿಗೆ ಹಗ್ಗ ಬಿಗಿಯಾಗುತ್ತದೆ. ಹಿಮ್ಮಡಿ ಊರುವಾಗ ಸಡಿಲ, ನೂಕುವಾಗ ಬಿಗಿ. ಎರಡಕ್ಕೂ ಒಂದೇ ಭಾಗ.

ಇದು ನನ್ನ ತಲೆಗೆ ಹತ್ತಿದ್ದು ಚಿಕ್ಕಪ್ಪನ ಮಗನಿಂದ. ಸೈನ್ಯದ ಭರ್ತಿ ರ್‍ಯಾಲಿಗೆ ಅಂತ ಹುಡುಗ ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಏರಿಯ ಮೇಲೆ 1,600 ಮೀಟರ್ ಓಡುತ್ತಿದ್ದ. ಒಂದು ರಾತ್ರಿ ಫೋನ್ ಮಾಡಿದ. "ಅಣ್ಣಾ, ನಂದು ಫ್ಲಾಟ್ ಫೂಟಂತೆ. ಓಡಿ ಪಾಸಾದ್ರೂ ಮೆಡಿಕಲ್ಲಲ್ಲಿ ತೆಗ್ದಾಕ್ತಾರಂತೆ. ಸುಮ್ನೆ ಯಾಕೆ ಓಡೋದು?" ಕಾಲು ತೊಳೆದು ಬಂದವನ ಹೆಜ್ಜೆ ಗುರುತು ಜಗಲಿಯ ಮೇಲೆ ಮೂಡಿದ್ದನ್ನು ಯಾರೋ ನೋಡಿ ಹೇಳಿದ್ದರಂತೆ. ಗುರುತಿನ ಫೋಟೋ ಕಳಿಸಿದ. ಹಿಮ್ಮಡಿಯಿಂದ ಬೆರಳಿನವರೆಗೆ ಪೂರ್ತಿ ತುಂಬಿದ ಒದ್ದೆ, ನಡುವೆ ಖಾಲಿ ಜಾಗವೇ ಇಲ್ಲ.

ವಿಡಿಯೋ ಕಾಲ್ ಮಾಡಿ ತುದಿಗಾಲ ಮೇಲೆ ನಿಲ್ಲೋಕೆ ಹೇಳಿದೆ. ಚಿಕ್ಕಮ್ಮ ಹಿಂದಿನಿಂದ ಫೋನ್ ಹಿಡಿದುಕೊಂಡರು. ಹಿಮ್ಮಡಿ ಏಳುತ್ತಿದ್ದ ಹಾಗೇ ಕಮಾನು ಮೂಡಿತು, ಎರಡೂ ಹಿಮ್ಮಡಿ ಒಳಮುಖವಾಗಿ ವಾಲಿದವು. "ಬಂತಲ್ಲೋ ಗುಳಿ!" ಅಂದರು ಚಿಕ್ಕಮ್ಮ. ನಮ್ಮ ಸೇನೆಯ ವೈದ್ಯಕೀಯ ನಿಯಮ ಕೇಳುವುದೂ ಇದನ್ನೇ: ತುದಿಗಾಲಲ್ಲಿ ನಿಂತಾಗ ಕಮಾನು ಮರಳಿ ಬರುತ್ತದೆಯೇ, ಪಾದ ನೋವಿಲ್ಲದೆ ಸಲೀಸಾಗಿ ಆಡುತ್ತದೆಯೇ, ತುದಿಗಾಲಲ್ಲಿ ಚೆನ್ನಾಗಿ ಓಡಬಲ್ಲನೇ. ಕೊನೆಯ ಮಾತು ಅಲ್ಲಿನ ಡಾಕ್ಟರದ್ದೇ, ಫೋನಿನಲ್ಲಿ ನೋಡುವ ಅಣ್ಣನದ್ದಲ್ಲ. ಆದರೆ ಒದ್ದೆ ಹೆಜ್ಜೆ ಹೇಳುವುದು ನಿಂತ ಪಾದದ ಆಕಾರವನ್ನು ಮಾತ್ರ, ಹಗ್ಗ ಸುತ್ತಿಕೊಳ್ಳುತ್ತದೋ ಇಲ್ಲವೋ ಅನ್ನುವುದನ್ನಲ್ಲ. ಮಾರನೇ ದಿನ ಅವನು ಮತ್ತೆ ಏರಿಯ ಮೇಲಿದ್ದ.

ತುದಿಗಾಲಲ್ಲೂ ಕಮಾನು ಬರದಿದ್ದರೆ ಕಥೆ ಬೇರೆ. ಎಲುಬು ಎಲುಬಿಗೆ ಬೆಸೆದುಕೊಂಡ ಪಾದ ಹಾಗಿರಬಹುದು. ಮೊದಲು ಚೆನ್ನಾಗಿದ್ದು, ವಯಸ್ಸಾದ ಮೇಲೆ ಒಂದೇ ಕಾಲು ಚಪ್ಪಟೆಯಾಗುತ್ತಾ ಬಂದು, ಆ ಒಂದೇ ಕಾಲ ಮೇಲೆ ಹಿಮ್ಮಡಿ ಎತ್ತೋಕೆ ಆಗದಿದ್ದರೆ, ಕಣಕಾಲಿನ ಒಳಬದಿಯಲ್ಲಿ ಇಳಿದು ಕಮಾನನ್ನು ಎತ್ತಿಹಿಡಿಯುವ ಸ್ನಾಯುರಜ್ಜು ಸೋತಿರುವ ಸಂಭವ ಹೆಚ್ಚು. ಇವೆರಡಕ್ಕೂ ಮೂಳೆ ಡಾಕ್ಟರೇ ಬೇಕು. ಮಾಲ್‌ನಲ್ಲಿ ಕಾಲು ಸ್ಕ್ಯಾನ್ ಮಾಡಿ ಇನ್‌ಸೋಲ್ ಮಾರುವವರು ಸಾಲದು.

ಇನ್ನು ಹಿಕ್ಸ್ ಹೇಳಿದ್ದೇ ಅಂತಿಮವೇ? ಕಮಾನು ಏರುವುದು ಖಂಡಿತ. ಏರಿದ ಕಮಾನು ಹೆಚ್ಚು ಗಡುಸು ಅನ್ನುವುದನ್ನು ದಶಕಗಳ ಕಾಲ ಎಲ್ಲರೂ ಹಾಗೇ ಒಪ್ಪಿಕೊಂಡಿದ್ದರು. 2018ರಲ್ಲಿ ಲಾರೆನ್ ವೆಲ್ಟೆ ಮತ್ತು ಸಂಗಡಿಗರು ಕೂತವರ ಪಾದದ ಮೇಲೆ ಭಾರ ಒತ್ತಿ ಅಳೆದರು, ಒಮ್ಮೆ ಬೆರಳು ಎತ್ತಿಸಿ, ಒಮ್ಮೆ ಇಳಿಸಿ. ಬೆರಳು ಎತ್ತಿದಾಗ ಕಮಾನು ಕಡಿಮೆಯಲ್ಲ, ಹೆಚ್ಚೇ ಹಿಗ್ಗಿತು! ನನಗೆ ಇದನ್ನು ಓದಿ ಖುಷಿಯಾಯಿತು. ವರ್ಷಗಟ್ಟಲೆ ಪ್ರೊಡಕ್ಷನ್‌ನಲ್ಲಿ ಓಡುತ್ತಿರುವ ಕೋಡಿನ ಕಾಮೆಂಟ್ ಒಂದು ಹೇಳುತ್ತದೆ, ಕೋಡು ಇನ್ನೊಂದು ಮಾಡುತ್ತದೆ, ಆ ಥರ. ಭಾರ ಹೇರಿ ಕೂತ ಪಾದವೂ ಓಟದಲ್ಲಿ ನೂಕುವ ಪಾದವೂ ಒಂದೇ ಅಲ್ಲ ನಿಜ, ಆದರೆ ಹಗ್ಗ ಬಿಗಿದರೆ ಗಡುಸು ಎಂಬ ಸರಳ ಸಮೀಕರಣ ಅಲ್ಲಿಗೆ ನಿಂತಿತು.

ಹಾಗಾದರೆ ಗಡಸುತನ ಎಲ್ಲಿಂದ? ಒಂದು ಪಾಲು ಅಡ್ಡ ಕಮಾನಿನಿಂದ. ಹತ್ತು ರೂಪಾಯಿ ನೋಟನ್ನು ಒಂದು ತುದಿಯಲ್ಲಿ ಹಿಡಿದರೆ ಜೋತುಬೀಳುತ್ತದೆ. ಹಿಡಿದ ಕಡೆ ಅಡ್ಡಕ್ಕೆ ಸ್ವಲ್ಪ ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ಪಾದದ ನಡುಭಾಗವೂ ಒಳಬದಿಯಿಂದ ಹೊರಬದಿಗೆ ಹೀಗೇ ಬಾಗಿದೆ. ಮಧುಸೂದನ್ ವೆಂಕಟೇಶನ್, ಮಹೇಶ್ ಬಂಡಿ, ಶ್ರೇಯಸ್ ಮಾಂದ್ರೆ ಮತ್ತು ಸಂಗಡಿಗರು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ ಪ್ರಕಾರ ಪಾದದ ಉದ್ದಕ್ಕಿರುವ ಗಡಸುತನದಲ್ಲಿ ಶೇ. 40ಕ್ಕಿಂತ ಹೆಚ್ಚು ಈ ಅಡ್ಡ ಬಾಗಿನಿಂದಲೇ ಬರುತ್ತದೆ. ಅಂದರೆ ಒಳಬದಿಯ ಗುಳಿ ತಗ್ಗಾಗಿದ್ದರೂ ಅಡ್ಡ ಬಾಗು ಚೆನ್ನಾಗಿದ್ದರೆ ಪಾದ ಸಾಕಷ್ಟು ಗಡುಸಾಗಿರಬಹುದು. ಆ ಬಾಗು ಜಗಲಿಯ ಮೇಲಿನ ಒದ್ದೆ ಗುರುತಿನಲ್ಲಿ ಕಾಣುವುದೇ ಇಲ್ಲ.